ಊಟದ ನಂತರದ ಎದೆನೋವು: ಗ್ಯಾಸೋ, ಹೃದಯದ್ದೋ?

ಊಟ ಮುಗಿಸಿ ಎದ್ದ ಮೇಲೆ ಎದೆಯಲ್ಲಿ ಏನೋ ಒಂದು ಥರ ಆದರೆ ನಮ್ಮೆಲ್ಲರ ಬಾಯಿಗೆ ಮೊದಲು ಬರುವ ಮಾತು ‘ಗ್ಯಾಸು’. ಬಹಳ ಸಲ ಆ ಮಾತು ನಿಜವೇ ಆಗಿರುತ್ತದೆ. ಒಂದು ಲೋಟ ಜೀರಿಗೆ ಕಷಾಯ ಕುಡಿದು, ಸ್ವಲ್ಪ ಹೊತ್ತು ನೆಟ್ಟಗೆ ಕೂತರೆ ಸರಿಹೋಗುತ್ತದೆ. ಆದರೆ ಹೃದಯದ ನೋವು ಕೂಡ ಊಟದ ಬೆನ್ನಿಗೇ ಬರುತ್ತದೆ, ಎಷ್ಟೋ ಸಲ ತೇಗಿನ ಜೊತೆಗೇ ಬರುತ್ತದೆ. ‘ಊಟ ಆದಮೇಲೆ ಬಂತು, ಹಾಗಾಗಿ ಇದು ಹೊಟ್ಟೆಯದ್ದು’ ಎಂಬ ತೀರ್ಮಾನವೇ ಅನೇಕರನ್ನು ಆಸ್ಪತ್ರೆಗೆ ತಡವಾಗಿ ಕರೆತರುತ್ತದೆ. ಇವತ್ತಿನ ನನ್ನ ಮಾತೆಲ್ಲ ಈ ತೀರ್ಮಾನದ ಬಗ್ಗೆಯೇ.

ಮದ್ದೂರಿನ ಕಡೆಯ ಒಬ್ಬ ರೈತರನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಹೆಸರು ಬೇಡ. ವೈದ್ಯರು ಮತ್ತೆ ಮತ್ತೆ ಕಾಣುವ ಇಂಥ ಹಲವರ ಕಥೆಯನ್ನು ಸೇರಿಸಿ ಒಬ್ಬರದಾಗಿ ಮಾಡಿದ್ದೇನೆ. ವಯಸ್ಸು 54. ಕೆಲವು ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ, ಬೀಡಿ ಬಿಟ್ಟಿಲ್ಲ. ಪಕ್ಕದ ಊರಿನಲ್ಲಿ ಬೀಗರ ಊಟ. ಮುದ್ದೆ, ಮಟನ್ ಸಾರು, ಬೋಟಿ ಗೊಜ್ಜು, ಅನ್ನ ಎಲ್ಲ ಆಯಿತು. ಕೈ ತೊಳೆದು, ಎಲೆ ಅಡಿಕೆ ಹಾಕಿಕೊಂಡು ಬಸ್ಸಿಗೆಂದು ಕೆರೆ ಏರಿ ಹತ್ತುವಾಗ ಎದೆಯ ನಡುವೆ ಬಿಗಿ ಹಿಡಿಯಿತು. ನಿಂತರು. ಅರಳಿಕಟ್ಟೆಯ ಮೇಲೆ ಐದು ನಿಮಿಷ ಕೂತರು. ಎರಡು ತೇಗು ಬಂತು, ಬಿಗಿ ಇಳಿಯಿತು. ‘ಊಟ ಜಾಸ್ತಿ ಆಯ್ತು’ ಅಂದುಕೊಂಡು ಬಸ್ಸು ಹತ್ತಿದರು.

ಆಮೇಲಿನ ದಿನಗಳಲ್ಲಿ ಇದು ಮರುಕಳಿಸಿತು. ಬೆಳಗ್ಗೆ ಬರೀ ಹೊಟ್ಟೆಯಲ್ಲಿ ಹುಲ್ಲಿನ ಹೊರೆ ಹೊತ್ತು ಬಂದರೆ ಏನೂ ಇಲ್ಲ. ಮುದ್ದೆ ಉಂಡು ಅದೇ ಹೊರೆ, ಅದೇ ದಾರಿಯಲ್ಲಿ ಹೊತ್ತರೆ ಎದೆ ಹಿಡಿಯುತ್ತದೆ. ಹೊರೆ ಇಳಿಸಿ ಕೂತರೆ ಬಿಡುತ್ತದೆ. ಉಂಡಾಗ ಮಾತ್ರ ಬರುತ್ತದೆ ಅಂದಮೇಲೆ ಇದು ಊಟದ್ದೇ ತೊಂದರೆ ಎಂದು ಅವರಿಗೆ ಗಟ್ಟಿಯಾಯಿತು. ಮೆಡಿಕಲ್ ಅಂಗಡಿಯಿಂದ ಗ್ಯಾಸ್ಟ್ರಿಕ್ ಮಾತ್ರೆ ತಂದು ನುಂಗತೊಡಗಿದರು.

ಅವರು ಗಮನಿಸಿದ್ದರಲ್ಲಿ ತಪ್ಪಿಲ್ಲ, ಬಹಳ ಚೆನ್ನಾಗಿಯೇ ಗಮನಿಸಿದ್ದಾರೆ. ತಪ್ಪಿದ್ದು ಅದರ ಅರ್ಥ. ಊಟವಾದ ಮೇಲಿನ ಒಂದೆರಡು ಗಂಟೆ ಜಠರಕ್ಕೂ ಕರುಳಿಗೂ ಹೆಚ್ಚು ರಕ್ತ ಬೇಕು. ಆ ಹೆಚ್ಚುವರಿ ರಕ್ತವನ್ನು ಒತ್ತಿ ಕಳಿಸಬೇಕಾದದ್ದು ಹೃದಯ. ಅಂದರೆ ನಾವು ಸುಮ್ಮನೆ ಕೂತಿದ್ದರೂ ಉಂಡ ಮೇಲೆ ಹೃದಯದ ಕೆಲಸ ಏರಿರುತ್ತದೆ. ಅದರ ಮೇಲೆ ಏರು ಹತ್ತುವುದು, ಹೊರೆ ಹೊರುವುದು ಸೇರಿದರೆ ಕೆಲಸ ಇನ್ನಷ್ಟು ಏರುತ್ತದೆ. ಹೃದಯಕ್ಕೇ ರಕ್ತ ಕೊಡುವ ಕೊರೋನರಿ ರಕ್ತನಾಳ ಒಳಗಡೆ ಕೊಬ್ಬು ಕಟ್ಟಿ ಕಿರಿದಾಗಿದ್ದರೆ, ಬರೀ ಹೊಟ್ಟೆಯ ಹೊರೆಗೆ ಸಾಕಾಗುತ್ತಿದ್ದ ರಕ್ತ ಉಂಡ ಮೇಲಿನ ಹೊರೆಗೆ ಸಾಲುವುದಿಲ್ಲ. ಆಗ ಹೃದಯದ ಸ್ನಾಯು ನೋಯುತ್ತದೆ. ಇದಕ್ಕೆ ಆಂಜೈನಾ ಎನ್ನುತ್ತೇವೆ.

ಇದು ಹೊಸದಾಗಿ ಕಂಡ ಸಂಗತಿಯೂ ಅಲ್ಲ. ಲಂಡನ್ನಿನ ವೈದ್ಯ ವಿಲಿಯಂ ಹೆಬರ್ಡನ್ 1768ರಲ್ಲಿ ಅಲ್ಲಿನ ವೈದ್ಯರ ಸಭೆಯಲ್ಲಿ ಒಂದು ಪ್ರಬಂಧ ಓದಿದ. ಆಂಜೈನಾ ಎಂಬ ಹೆಸರು ಕೊಟ್ಟು ಈ ನೋವನ್ನು ವಿವರಿಸಿದವನು ಅವನೇ. ನಡೆಯುವಾಗ ಬರುತ್ತದೆ, ಏರು ಹತ್ತುವಾಗ ಮತ್ತು ಊಟವಾದ ಸ್ವಲ್ಪ ಹೊತ್ತಿಗೆ ನಡೆದರೆ ಇನ್ನೂ ಹೆಚ್ಚು, ನಿಂತ ಕೂಡಲೇ ಹೋಗುತ್ತದೆ ಎಂದು ಅವನು ಆಗಲೇ ಹೇಳಿದ್ದ. ಇಸಿಜಿ ಇಲ್ಲದ ಕಾಲದಲ್ಲಿ, ರೋಗಿಗಳ ಮಾತನ್ನು ಕಿವಿಗೊಟ್ಟು ಕೇಳಿಯೇ ಅವನು ಇದನ್ನು ಗುರುತಿಸಿದ್ದು. ಮದ್ದೂರಿನ ಕೆರೆ ಏರಿಯ ಮೇಲೆ ನಡೆದದ್ದು ಅದೇ.

ಹಾಗಾದರೆ ನಿಜವಾದ ಹೊಟ್ಟೆಯ ತೊಂದರೆ ಹೇಗಿರುತ್ತದೆ? ಅನ್ನನಾಳ ಜಠರಕ್ಕೆ ಸೇರುವ ಕಡೆ ಒಂದು ಬಿಗಿಯಾದ ಸ್ನಾಯುವಿನ ಬಳೆ ಇದೆ. ಅದು ಸಡಿಲಾದಾಗ ಜಠರದ ಆಮ್ಲ ಮೇಲಕ್ಕೆ ಬಂದು ಅನ್ನನಾಳವನ್ನು ಸುಡುತ್ತದೆ. ನಾವು ಎದೆಉರಿ ಎನ್ನುವುದು ಇದನ್ನೇ. ಹೊಟ್ಟೆ ತುಂಬಾ ಉಂಡಾಗ, ಕರಿದದ್ದು ತಿಂದಾಗ, ರಾತ್ರಿ ತಡವಾಗಿ ಉಂಡು ಹಾಗೇ ಮಲಗಿದಾಗ ಇದು ಜಾಸ್ತಿ. ಉರಿ ಎದೆಗೂಡಿನ ಕೆಳಭಾಗದಲ್ಲಿ ಶುರುವಾಗಿ ಗಂಟಲಿನ ಕಡೆ ಏರುತ್ತದೆ. ಬಾಯಿಗೆ ಹುಳಿ ನೀರೋ ಕಹಿ ನೀರೋ ಬರುತ್ತದೆ. ಬಗ್ಗಿ ಸೊಪ್ಪು ಬಿಡಿಸಿದರೆ, ಚಪ್ಪಟೆಯಾಗಿ ಮಲಗಿದರೆ ಹೆಚ್ಚುತ್ತದೆ. ಎದ್ದು ಕೂತರೆ, ಆಮ್ಲ ತಗ್ಗಿಸುವ ಔಷಧಿ ಕುಡಿದರೆ ಇಳಿಯುತ್ತದೆ. ಇದೇ ರೀತಿ ವರ್ಷಗಟ್ಟಲೆ ಬಂದು ಹೋಗುತ್ತಿರುತ್ತದೆ.

ಇವೆರಡನ್ನೂ ಪಕ್ಕಪಕ್ಕ ಇಟ್ಟರೆ ಒಂದು ವ್ಯತ್ಯಾಸ ಕಾಣುತ್ತದೆ. ನನ್ನ ದೃಷ್ಟಿಯಲ್ಲಿ ಮನೆಯಲ್ಲೇ ಗುರುತಿಸಬಹುದಾದ ಲಕ್ಷಣಗಳಲ್ಲಿ ಅತ್ಯಂತ ಉಪಯುಕ್ತವಾದದ್ದು ಇದೇ. ಎದೆಉರಿ ನಮ್ಮ ಭಂಗಿಗೆ ತಕ್ಕಂತೆ ಬದಲಾಗುತ್ತದೆ. ಆಂಜೈನಾ ನಮ್ಮ ಶ್ರಮಕ್ಕೆ ತಕ್ಕಂತೆ ಬದಲಾಗುತ್ತದೆ. ಬಗ್ಗಿದರೆ, ಮಲಗಿದರೆ ಬರುವುದು ಒಂದು. ನಡೆದರೆ ಬಂದು ನಿಂತರೆ ಹೋಗುವುದು ಇನ್ನೊಂದು. ‘ಯಾವಾಗ ಉಂಡಿರಿ’ ಎಂಬ ಪ್ರಶ್ನೆಗಿಂತ ‘ಅದು ಬಂದಾಗ ಏನು ಮಾಡುತ್ತಿದ್ದಿರಿ, ಏನು ಮಾಡಿದಾಗ ಹೋಯಿತು’ ಎಂಬ ಪ್ರಶ್ನೆ ವೈದ್ಯರಿಗೆ ಹೆಚ್ಚು ತಿಳಿಸುತ್ತದೆ.

ಒಂದು ಎಚ್ಚರಿಕೆ. ‘ನೋಡೋಣ, ಹೃದಯದ್ದಾದರೆ ಗೊತ್ತಾಗುತ್ತೆ’ ಎಂದು ನೋವಿರುವಾಗಲೇ ಮಹಡಿ ಮೆಟ್ಟಿಲು ಹತ್ತಿ ನೋಡುವವರಿದ್ದಾರೆ. ದಯವಿಟ್ಟು ಹಾಗೆ ಮಾಡಬೇಡಿ. ಈಗಾಗಲೇ ಆದದ್ದನ್ನು ನೆನಪಿಸಿಕೊಂಡರೆ ಸಾಕು.

ನೋವಿನ ಬಗೆಯಲ್ಲೂ ವ್ಯತ್ಯಾಸವಿದೆ. ಹೃದಯದ ನೋವನ್ನು ಹೆಚ್ಚಿನವರು ನೋವು ಎಂದೇ ಹೇಳುವುದಿಲ್ಲ. ‘ನೋವೇನಿಲ್ಲ ಡಾಕ್ಟ್ರೇ, ಒಂಥರಾ ಭಾರ, ಬಿಗಿತ, ಅದುಮಿದ ಹಾಗೆ’ ಎನ್ನುತ್ತಾರೆ. ಎಲ್ಲಿ ಎಂದು ಕೇಳಿದರೆ ಬೆರಳಿಟ್ಟು ತೋರಿಸುವುದಿಲ್ಲ, ಅಂಗೈಯನ್ನೋ ಮುಷ್ಟಿಯನ್ನೋ ಎದೆಯ ನಡುವೆ ಇಡುತ್ತಾರೆ. ಎಡಗಡೆಯೇ ಇರಬೇಕೆಂಬ ನಿಯಮವಿಲ್ಲ. ಅದು ಅಲ್ಲಿಂದ ಎಡತೋಳಿಗೆ, ಕೆಲವೊಮ್ಮೆ ಎರಡೂ ತೋಳಿಗೆ, ಕತ್ತಿಗೆ, ಕೆಳದವಡೆಗೆ, ಬೆನ್ನಿಗೆ ಹರಡಬಹುದು. ಸೂಜಿ ಚುಚ್ಚಿದಂತೆ ಒಂದು ಕ್ಷಣ ಬಂದು ಮಾಯವಾಗುವ ನೋವು, ಒಂದು ಬೆರಳಿನಿಂದ ಒತ್ತಿದ ಜಾಗದಲ್ಲೇ ಹೆಚ್ಚಾಗುವ ನೋವು ಸಾಮಾನ್ಯವಾಗಿ ಹೃದಯದ್ದಲ್ಲ. ಸಾಮಾನ್ಯವಾಗಿ ಎಂಬ ಮಾತನ್ನು ಬೇಕೆಂದೇ ಸೇರಿಸಿದ್ದೇನೆ. ಜೊತೆಗೆ ಬೆವರೋ ಉಬ್ಬಸವೋ ಇದ್ದರೆ ಆ ಭರವಸೆಗೆ ಬೆಲೆಯಿಲ್ಲ.

ಈಗ ನಮ್ಮ ರೈತರ ಮನೆಗೆ ಬರೋಣ. ಬೀಗರ ಊಟ ಕಳೆದು ಮೂರು ವಾರವಾಗಿತ್ತು. ರಾತ್ರಿ ಒಂಬತ್ತೂವರೆಗೆ ಉಂಡು, ಹಜಾರದಲ್ಲಿ ಕೂತು ಟಿವಿ ನೋಡುತ್ತಿದ್ದರು. ಹತ್ತೂಕಾಲಿಗೆ ಹೊಟ್ಟೆಯ ಮೇಲ್ಭಾಗದಲ್ಲಿ, ಎದೆಗೂಡು ಮುಗಿಯುವಲ್ಲಿ, ಸಂಕಟ ಶುರುವಾಯಿತು. ವಾಂತಿ ಬಂದಂತಾಯಿತು. ಅಂಗಿ ಒದ್ದೆಯಾಗುವಷ್ಟು ಬೆವರು, ಮೈ ತಣ್ಣಗೆ.

“ಯಾಕ್ ಹಿಂಗೆ ಬೆವರ್ತಾ ಇದ್ದೀರಿ?” ಅಂದರು ಹೆಂಡತಿ.

“ಗ್ಯಾಸು ಕಣಮ್ಮಿ. ಒಂದು ಸೋಡಾ ತರ್ಸು.”

ಸೋಡಾ ಬಂತು. ಕುಡಿದರು. ದೊಡ್ಡದೊಂದು ತೇಗು ಬಂತು. ‘ಈಗ ಪರವಾಗಿಲ್ಲ’ ಅನ್ನಿಸಿತು. ಹತ್ತು ನಿಮಿಷಕ್ಕೆ ಮತ್ತೆ ಸಂಕಟ. ಓಂಕಾಳು ಅಗಿದರು. ಎದೆಗೆ ಎಣ್ಣೆ ತಿಕ್ಕಿಸಿಕೊಂಡರು. ಒಂದು ವಾಂತಿಯೂ ಆಯಿತು, ಅದರಿಂದಲೂ ಸ್ವಲ್ಪ ಹಗುರವಾದಂತೆ ಕಂಡಿತು. ಪಟ್ಟಣದಲ್ಲಿ ಕೆಲಸ ಮುಗಿಸಿ ಬಂದ ಮಗ ಅಪ್ಪನ ಮುಖ ನೋಡಿ, “ಅಪ್ಪ, ಏಳು, ಆಸ್ಪತ್ರೆಗೆ ಹೋಗಾನ” ಅಂದಾಗ ಹನ್ನೊಂದೂಮುಕ್ಕಾಲು. ಒಂದೂವರೆ ಗಂಟೆ ಕಳೆದುಹೋಗಿತ್ತು.

ಆ ಒಂದೂವರೆ ಗಂಟೆ ಅವರನ್ನು ನಂಬಿಸಿದ್ದು ತೇಗು, ವಾಂತಿ ಮತ್ತು ಹೊಟ್ಟೆಯ ಮೇಲ್ಭಾಗದ ಸಂಕಟ. ಮೂರೂ ಹೊಟ್ಟೆಯ ಲಕ್ಷಣಗಳಂತೆ ಕಾಣುತ್ತವೆ. ಆದರೆ ಹೃದಯದ ಕೆಳಮೈ ವಪೆಯ ಮೇಲೆ ಒರಗಿಕೊಂಡಿದೆ, ವಪೆಯ ಕೆಳಗೇ ಜಠರ. ಹೃದಯ ಮತ್ತು ಅನ್ನನಾಳ ಎರಡರ ನೋವಿನ ನರಗಳೂ ಬೆನ್ನುಹುರಿಯ ಹೆಚ್ಚುಕಡಿಮೆ ಒಂದೇ ಭಾಗವನ್ನು ಸೇರುತ್ತವೆ. ಎರಡು ಮನೆಗೆ ಒಂದೇ ಕರೆಗಂಟೆ ಇದ್ದ ಹಾಗೆ. ಗಂಟೆ ಬಾರಿಸಿದ್ದು ಮಿದುಳಿಗೆ ಕೇಳುತ್ತದೆ, ಯಾವ ಮನೆಯಿಂದ ಎಂಬುದು ಸ್ಪಷ್ಟವಾಗುವುದಿಲ್ಲ. ಹೃದಯದ ಕೆಳಭಾಗದಲ್ಲಿ ಆಘಾತವಾದಾಗ ವೇಗಸ್ ಎಂಬ ನರವೂ ಕೆರಳುತ್ತದೆ. ಅದರಿಂದ ವಾಕರಿಕೆ, ವಾಂತಿ, ತಣ್ಣನೆ ಬೆವರು ಬರುತ್ತವೆ, ನಾಡಿ ನಿಧಾನವಾಗುತ್ತದೆ. ಆದ್ದರಿಂದ ತೇಗು ಬಂತು, ವಾಂತಿಯಾಯಿತು ಎನ್ನುವುದರಿಂದ ಹೃದಯ ಸರಿಯಾಗಿದೆ ಎಂದು ಹೇಳಲು ಬರುವುದಿಲ್ಲ. ಸೋಡಾದಿಂದ, ಗ್ಯಾಸ್ಟ್ರಿಕ್ ಔಷಧಿಯಿಂದ ಕಡಿಮೆಯಾಯಿತು ಎಂಬುದೂ ಪುರಾವೆಯಲ್ಲ. ಹೃದಯಾಘಾತದ ನೋವು ತಾನಾಗಿಯೇ ಏರಿಳಿಯುತ್ತದೆ. ಇಳಿದ ಗಳಿಗೆಯಲ್ಲಿ ಏನು ಕುಡಿದಿದ್ದರೂ ಅದೇ ಔಷಧಿಯಾಗಿ ಕಾಣುತ್ತದೆ.

ಇದರ ತಿರುಗುಮುರುಗೂ ನಿಜ. ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆಯಿಂದ ನೋವು ಹೋದರೆ ಅದು ಹೃದಯದ್ದೇ ಎಂದು ಹೇಳಲಾಗದು. ಅನ್ನನಾಳದ ಸ್ನಾಯು ಸೆಟೆದು ಬರುವ ನೋವು ಕೂಡ ಅದೇ ಮಾತ್ರೆಯಿಂದ ಸಡಿಲವಾಗುತ್ತದೆ. ಮಾತ್ರೆಯಿಂದ ರೋಗ ಗುರುತಿಸುವ ಈ ದಾರಿ ಎರಡೂ ಕಡೆ ಮೋಸ ಮಾಡುತ್ತದೆ.

ಹಾಗಿದ್ದರೆ ಯಾವಾಗ ಹೊರಡಬೇಕು? ಭಾರ, ಬಿಗಿತ, ಅದುಮಿದಂತಹ ಸಂಕಟ ಕೂತು ಐದು ನಿಮಿಷ ವಿರಮಿಸಿದರೂ ಇಳಿಯದಿದ್ದರೆ ಹೊರಡಿ. ಅದರ ಜೊತೆ ತಣ್ಣನೆ ಬೆವರು, ಉಸಿರು ಕಟ್ಟುವುದು, ಕಣ್ಣು ಕತ್ತಲೆ, ವಾಂತಿ, ತೋಳಿಗೋ ದವಡೆಗೋ ಹರಡುವ ನೋವು ಇದ್ದರೆ ಆ ಐದು ನಿಮಿಷವನ್ನೂ ಕಾಯಬೇಡಿ. ಊಟ ಮಾಡಿದ್ದಿರೋ ಇಲ್ಲವೋ, ಏನು ತಿಂದಿದ್ದಿರೋ, ಆ ಲೆಕ್ಕ ಆಸ್ಪತ್ರೆಯಲ್ಲಿ ಹಾಕೋಣ. ಬೆನ್ನಿನವರೆಗೆ ಸೀಳಿದಂತೆ ಒಮ್ಮೆಲೇ ಬರುವ ತೀವ್ರ ನೋವಿಗೂ ಇದೇ ಅವಸರ ಬೇಕು, ಅದು ಮಹಾಧಮನಿಯ ಗೋಡೆ ಸೀಳಿದ್ದರಿಂದ ಬಂದಿರಬಹುದು.

ನಲವತ್ತು ದಾಟಿದವರಿಗೆ, ಅದರಲ್ಲೂ ಸಕ್ಕರೆ ಕಾಯಿಲೆ, ಬಿಪಿ, ಬೀಡಿ ಸಿಗರೇಟಿನ ಅಭ್ಯಾಸ ಇರುವವರಿಗೆ, ಮನೆಯಲ್ಲಿ ಅಪ್ಪನಿಗೋ ಅಣ್ಣನಿಗೋ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿರುವವರಿಗೆ ಒಂದು ಮಾತು. ಎಂದೂ ಇಲ್ಲದ ಗ್ಯಾಸು ಈಗ ಹೊಸದಾಗಿ ಶುರುವಾಗಿದ್ದರೆ, ಅಲ್ಲವೆಂದು ತಿಳಿಯುವವರೆಗೆ ಅದನ್ನು ಹೃದಯದ್ದೆಂದೇ ಎಣಿಸಿ. ಚಿಕ್ಕವರು ನಿಶ್ಚಿಂತೆಯಿಂದಿರಬಹುದು ಎಂದು ಇದರ ಅರ್ಥವಲ್ಲ. ನಮ್ಮ ದೇಶದವರಿಗೆ ಹೃದಯಾಘಾತ ಪಾಶ್ಚಾತ್ಯರಿಗಿಂತ ಕಡಿಮೆ ವಯಸ್ಸಿನಲ್ಲೇ ಬರುತ್ತದೆ. ಹೆಂಗಸರಲ್ಲಿ, ವಯಸ್ಸಾದವರಲ್ಲಿ, ಬಹಳ ಕಾಲದಿಂದ ಸಕ್ಕರೆ ಕಾಯಿಲೆ ಇರುವವರಲ್ಲಿ ಎದೆಯ ಬಿಗಿತ ಮಂದವಾಗಿರಬಹುದು, ಇಲ್ಲದೆಯೂ ಇರಬಹುದು. ಸಕ್ಕರೆ ಕಾಯಿಲೆ ನೋವಿನ ನರಗಳನ್ನೇ ಹಾಳುಮಾಡಿರುತ್ತದೆ. ಇವರಿಗೆ ಇದ್ದಕ್ಕಿದ್ದಂತೆ ಬೆವರಿ ಸುಸ್ತಾಗುವುದು, ನಾಲ್ಕು ಹೆಜ್ಜೆಗೆ ಏದುಸಿರು, ವಾಕರಿಕೆ, ಇಷ್ಟೇ ಕಾಣಬಹುದು. ಅಡುಗೆ ಕೆಲಸ ಮುಗಿಸಿ ಕೊನೆಗೆ ತಾನು ಉಂಡು, ‘ಯಾಕೋ ಸುಸ್ತು, ಪಿತ್ತ ಇರಬೇಕು’ ಎಂದು ಮೂಲೆಯಲ್ಲಿ ಮಲಗುವ ತಾಯಂದಿರನ್ನು ಮನೆಯವರೇ ಎಬ್ಬಿಸಿ ಕರೆದುಕೊಂಡು ಬರಬೇಕು. ಅವರಾಗಿ ಹೇಳುವುದಿಲ್ಲ.

ಹೊರಡುವುದು ಹೇಗೆ? 108ಕ್ಕೆ ಕರೆ ಮಾಡಿ. ಆಂಬುಲೆನ್ಸ್ ಬರುವುದು ತಡವಾಗುವ ಊರಾದರೆ ಸಿಕ್ಕ ಕಾರಿನಲ್ಲಿ, ಆಟೋದಲ್ಲಿ ಹೊರಡಿ. ನೋವಿರುವವರು ತಾವೇ ಬೈಕು, ಕಾರು ಓಡಿಸಬಾರದು, ಮೆಟ್ಟಿಲನ್ನೂ ಹತ್ತಿ ಇಳಿಯಬಾರದು. ಆಸ್ಪಿರಿನ್ ಒಗ್ಗದವರು, ಹೊಟ್ಟೆಯ ಹುಣ್ಣಿನಿಂದ ರಕ್ತ ಹೋಗಿರುವವರು, ಬೆನ್ನು ಸೀಳುವ ನೋವು ಇರುವವರು ಇವರನ್ನು ಬಿಟ್ಟು ಉಳಿದವರು ಸುಮಾರು 300 ಮಿಲಿಗ್ರಾಂ ಆಸ್ಪಿರಿನ್ ಅನ್ನು ಅಗಿದು ನುಂಗಬಹುದು. 75 ಮಿಲಿಗ್ರಾಂ ಮಾತ್ರೆ ಇದ್ದರೆ ನಾಲ್ಕು. ಅಗಿದರೆ ಬೇಗ ರಕ್ತಕ್ಕೆ ಸೇರುತ್ತದೆ. ಅನುಮಾನವಿದ್ದರೆ ಬಿಡಿ, ಆಸ್ಪತ್ರೆಯಲ್ಲಿ ಕೊಡುತ್ತಾರೆ; ಮಾತ್ರೆ ಹುಡುಕುತ್ತಾ ಹೊರಡುವುದು ತಡವಾಗಬಾರದು. ಪಕ್ಕದ ಮನೆಯವರ ನಾಲಿಗೆಯಡಿಯ ಮಾತ್ರೆಯನ್ನು ಮಾತ್ರ ತೆಗೆದುಕೊಳ್ಳಬೇಡಿ. ಕೆಳಭಾಗದ ಹೃದಯಾಘಾತದಲ್ಲಿ ಕೆಲವರಿಗೆ ಹೃದಯದ ಬಲಭಾಗಕ್ಕೂ ಪೆಟ್ಟು ಬಿದ್ದಿರುತ್ತದೆ. ಅಂಥವರಿಗೆ ಆ ಮಾತ್ರೆಯಿಂದ ರಕ್ತದೊತ್ತಡ ಒಮ್ಮೆಲೇ ಕುಸಿಯಬಹುದು. ವೈದ್ಯರು ನಿಮಗೇ ಬರೆದುಕೊಟ್ಟಿದ್ದರೆ, ಅವರು ಹೇಳಿದಂತೆ ಕೂತುಕೊಂಡು ಒಂದು ಇಟ್ಟುಕೊಳ್ಳಿ. ಐದು ನಿಮಿಷದಲ್ಲಿ ಇಳಿಯದಿದ್ದರೆ ಹೊರಡಿ. ಜೋರಾಗಿ ಕೆಮ್ಮುತ್ತಿದ್ದರೆ ಹೃದಯಾಘಾತ ತಪ್ಪುತ್ತದೆ ಎಂಬ ಸಂದೇಶ ವಾಟ್ಸಾಪಿನಲ್ಲಿ ಓಡಾಡುತ್ತಲೇ ಇದೆ. ಅದನ್ನು ನಂಬಬೇಡಿ, ಅದರಿಂದ ಕಟ್ಟಿದ ರಕ್ತನಾಳ ತೆರೆಯುವುದಿಲ್ಲ.

ಎಲ್ಲಿಗೆ ಹೋಗಬೇಕೆಂಬುದೂ ಮುಖ್ಯ. ರಾತ್ರಿಯಲ್ಲೂ ಇಸಿಜಿ ತೆಗೆಯುವ, ಡ್ಯೂಟಿ ಡಾಕ್ಟರ್ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ಮೆಡಿಕಲ್ ಅಂಗಡಿಗೂ ಅಲ್ಲ, ಇಸಿಜಿ ಇಲ್ಲದ ಕ್ಲಿನಿಕ್ಕಿಗೂ ಅಲ್ಲ. ನಮ್ಮ ರಾಜ್ಯದಲ್ಲಿ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ಹಲವು ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳನ್ನು ಜಯದೇವ ಸಂಸ್ಥೆಯಂಥ ದೊಡ್ಡ ಹೃದ್ರೋಗ ಕೇಂದ್ರಗಳಿಗೆ ಜೋಡಿಸಿದ್ದಾರೆ. ಇಲ್ಲಿ ತೆಗೆದ ಇಸಿಜಿಯನ್ನು ಅಲ್ಲಿನ ತಜ್ಞರು ನೋಡಿ ಹೇಳುತ್ತಾರೆ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಇಲ್ಲೇ ಉಚಿತವಾಗಿ ಕೊಡುತ್ತಾರೆ. ನಿಮ್ಮ ತಾಲ್ಲೂಕಿನ ಆಸ್ಪತ್ರೆಯಲ್ಲಿ ಈ ವ್ಯವಸ್ಥೆ ಇದೆಯೇ ಎಂದು ಆರೋಗ್ಯವಾಗಿರುವಾಗಲೇ ಒಮ್ಮೆ ವಿಚಾರಿಸಿಟ್ಟುಕೊಳ್ಳಿ.

ಈ ಅವಸರ ಯಾಕೆಂದರೆ, ರಕ್ತನಾಳ ಪೂರ್ತಿ ಮುಚ್ಚಿದ ಅರ್ಧ ಗಂಟೆಯೊಳಗೇ ಹೃದಯದ ಸ್ನಾಯು ಸಾಯಲು ಶುರುವಾಗುತ್ತದೆ ಮತ್ತು ಗಂಟೆ ಕಳೆದಂತೆ ಆ ಸಾವು ಹರಡುತ್ತಾ ಹೋಗುತ್ತದೆ. ಹೆಪ್ಪು ಕರಗಿಸುವ ಔಷಧಿಯನ್ನು 12 ಗಂಟೆಯೊಳಗೆ ಕೊಡಬಹುದಾದರೂ ಅದರ ಪೂರ್ತಿ ಲಾಭ ಸಿಗುವುದು ಮೊದಲ ಒಂದೆರಡು ಗಂಟೆಗಳಲ್ಲಿ. ಸತ್ತ ಸ್ನಾಯು ಮತ್ತೆ ಬೆಳೆಯುವುದಿಲ್ಲ.

ನಮ್ಮ ರೈತರು ತಾಲ್ಲೂಕು ಆಸ್ಪತ್ರೆ ಸೇರಿದಾಗ ಹನ್ನೆರಡೂಕಾಲು. ಹತ್ತು ನಿಮಿಷದೊಳಗೆ ಇಸಿಜಿ ಆಯಿತು. ಹೃದಯದ ಕೆಳಭಾಗವನ್ನು ತೋರಿಸುವ ಮೂರು ಗೆರೆಗಳು ಮೇಲೆದ್ದಿದ್ದವು. ಆಸ್ಪಿರಿನ್, ಆಮೇಲೆ ಚುಚ್ಚುಮದ್ದು ಕೊಟ್ಟರು. ಒಂದು ಗಂಟೆಯಲ್ಲಿ ಸಂಕಟ ಇಳಿಯಿತು, ಮೇಲೆದ್ದ ಗೆರೆಗಳೂ ತಗ್ಗಿದವು. ಅದೇ ರಾತ್ರಿ ಮೈಸೂರಿಗೆ ಕಳಿಸಿದರು. ಅಲ್ಲಿ ಆಂಜಿಯೋಗ್ರಾಂ ಮಾಡಿದಾಗ ಬಲಗಡೆಯ ಕೊರೋನರಿ ರಕ್ತನಾಳದಲ್ಲಿ ದೊಡ್ಡ ತಡೆ ಕಂಡಿತು, ಸ್ಟೆಂಟ್ ಹಾಕಿದರು. ಬದುಕಿದರು, ಹೊಲಕ್ಕೂ ಹೋಗುತ್ತಾರೆ. ಆದರೆ ಹೃದಯದ ಕೆಳಗೋಡೆ ಮೊದಲಿನಷ್ಟು ಬಲವಾಗಿ ಕುಗ್ಗುತ್ತಿಲ್ಲ. ಕೆರೆ ಏರಿಯ ದಿನವೇ ಬಂದಿದ್ದರೆ, ಬಿರುನಡಿಗೆಯ ಟ್ರೆಡ್‌ಮಿಲ್ ಪರೀಕ್ಷೆಯಲ್ಲೋ ಆಂಜಿಯೋಗ್ರಾಂನಲ್ಲೋ ತಡೆ ಸಿಗುತ್ತಿತ್ತು, ಈ ರಾತ್ರಿಯನ್ನೇ ತಪ್ಪಿಸಬಹುದಿತ್ತು.

ಎಲ್ಲರ ಇಸಿಜಿಯೂ ಹೀಗೆ ಮೊದಲ ಸಲಕ್ಕೇ ಸ್ಪಷ್ಟವಾಗಿ ಹೇಳುವುದಿಲ್ಲ. ಹೃದಯಾಘಾತ ಆಗುತ್ತಿರುವಾಗಲೂ ಮೊದಲ ಇಸಿಜಿ ಸರಿಯಾಗಿಯೇ ಕಾಣಬಹುದು. ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಟ್ರೋಪೋನಿನ್ ಎಂಬ ಪ್ರೋಟೀನು ಅಳತೆಗೆ ಸಿಗುವಷ್ಟಾಗಲು ಕೆಲವು ಗಂಟೆ ಬೇಕು. ಹೀಗಾಗಿ ವೈದ್ಯರು ‘ಇಸಿಜಿ ನಾರ್ಮಲ್ ಇದೆ, ಆದರೂ ಇರಿ, ಇನ್ನೊಮ್ಮೆ ತೆಗೆಯೋಣ, ರಕ್ತವನ್ನು ಮತ್ತೆ ಪರೀಕ್ಷಿಸೋಣ’ ಎಂದರೆ ‘ಬಿಲ್ಲು ಏರಿಸುತ್ತಿದ್ದಾರೆ’ ಎಂದುಕೊಂಡು ಎದ್ದು ಬರಬೇಡಿ. ಅವರು ಹೇಳದಿದ್ದರೂ, ಸಂಕಟ ಇನ್ನೂ ಇದ್ದರೆ ‘ಇನ್ನೊಂದು ಇಸಿಜಿ ತೆಗೀತೀರಾ?’ ಎಂದು ನೀವೇ ಕೇಳಬಹುದು.

ಎಲ್ಲ ಪರೀಕ್ಷೆ ಮುಗಿದು ಹೃದಯ ಸರಿಯಿದೆ ಎಂದು ಗೊತ್ತಾದವರು ಸುಮ್ಮನೆ ಬಂದು ತೊಂದರೆ ಕೊಟ್ಟೆವಲ್ಲ ಎಂದು ನಾಚಿಕೊಳ್ಳಬೇಕಿಲ್ಲ. ಎದೆಉರಿಗೂ ಚಿಕಿತ್ಸೆ ಇದೆ. ರಾತ್ರಿ ಊಟಕ್ಕೂ ಮಲಗುವುದಕ್ಕೂ ನಡುವೆ ಎರಡು ಮೂರು ಗಂಟೆ ಬಿಡುವುದು, ಮಂಚದ ತಲೆಕಡೆಯ ಕಾಲಿಗೆ ಅರ್ಧ ಅಡಿಯಷ್ಟು ಮರದ ತುಂಡು ಇಡುವುದು, ವೈದ್ಯರು ಹೇಳಿದಷ್ಟು ವಾರ ಆಮ್ಲ ತಗ್ಗಿಸುವ ಮಾತ್ರೆಯನ್ನು ಬರೀ ಹೊಟ್ಟೆಯಲ್ಲಿ ತೆಗೆದುಕೊಳ್ಳುವುದು, ಇಷ್ಟರಲ್ಲೇ ಹೆಚ್ಚಿನವರಿಗೆ ಇಳಿಯುತ್ತದೆ. ನುಂಗಲು ಕಷ್ಟವಾಗುವುದು, ತೂಕ ಇಳಿಯುವುದು, ಮಲ ಟಾರಿನಂತೆ ಕಪ್ಪಗಾಗುವುದು ಕಂಡರೆ ಮಾತ್ರ ಎಂಡೋಸ್ಕೋಪಿ ಮಾಡಿಸಬೇಕಾಗುತ್ತದೆ, ಅದಕ್ಕೆ ತಡಮಾಡಬೇಡಿ. ಮುಂದೆ ಎಂದಾದರೂ ಆ ಹಳೆಯ ಎದೆಉರಿ ತನ್ನ ರೀತಿ ಬದಲಿಸಿ, ಮಲಗಿದಾಗ ಬರುತ್ತಿದ್ದುದು ನಡೆದಾಗ ಬರತೊಡಗಿದರೆ, ಹಿಂದಿನ ನಾರ್ಮಲ್ ರಿಪೋರ್ಟನ್ನು ನಂಬಿ ಮನೆಯಲ್ಲಿ ಕೂರದೆ ಮತ್ತೆ ಆಸ್ಪತ್ರೆಗೆ ಬನ್ನಿ.